ಸಹೋದ್ಯೋಗಿಗೆ ಬರೆದ ಕೋರಿಕೆಯಿಂದ ‘ಸಾರಿ’, ‘ಸ್ವಲ್ಪ’, ‘ಬಿಡುವಾದಾಗ’ ತೆಗೆದದ್ದು: ನನ್ನ ಅನುಭವ

ಅಕೌಂಟ್ಸ್ ವಿಭಾಗದಲ್ಲಿ ಕೆಲಸ ಮಾಡುವವರು ಪ್ರತಿ ತಿಂಗಳೂ ಬೇರೆ ವಿಭಾಗದವರ ಹತ್ತಿರ ಏನಾದರೂ ಕೇಳುತ್ತಲೇ ಇರಬೇಕು. ಬಿಲ್, ಚಲನ್, ಸ್ಟಾಕ್ ಲೆಕ್ಕ ಯಾವುದೂ ತಾನಾಗಿ ನಮ್ಮ ಮೇಜಿಗೆ ಬರುವುದಿಲ್ಲ. ಹಾಗೆ ಕೇಳುವ ಸಂದೇಶಗಳನ್ನು ನಾನು ಹೇಗೆ ತಿದ್ದುತ್ತೇನೆ ಎಂಬುದನ್ನು ಒಂದೇ ಸಂದೇಶ ಇಟ್ಟುಕೊಂಡು ಬರೆಯುತ್ತೇನೆ. ಪರ್ಚೇಸ್ ವಿಭಾಗದ ಹಿರಿಯರೊಬ್ಬರಿಂದ ಜೂನ್ ತಿಂಗಳ ಬಿಲ್‌ಗಳು ಬರಬೇಕಿವೆ ಅಂದುಕೊಳ್ಳಿ. ತಿದ್ದುವ ಮುಂಚಿನ ವಾಟ್ಸಾಪ್ ಸಂದೇಶ ಹೀಗಿರುತ್ತದೆ:

“ಸರ್ ನಮಸ್ತೆ, ಡಿಸ್ಟರ್ಬ್ ಮಾಡ್ತಿರೋದಕ್ಕೆ ಸಾರಿ. ನೀವು ಬ್ಯುಸಿ ಇರ್ತೀರ ಅಂತ ಗೊತ್ತು. ಒಂದು ಸಣ್ಣ ವಿಷಯ ಕೇಳೋಣ ಅಂತಿದ್ದೆ. ಜಿಎಸ್‌ಟಿಗೆ ಸ್ವಲ್ಪ ಪರ್ಚೇಸ್ ಬಿಲ್ ಬೇಕಿತ್ತು. ತೊಂದರೆ ಇಲ್ಲ ಅಂದ್ರೆ ಬಿಡುವಾದಾಗ ಕಳಿಸೋಕಾಗುತ್ತಾ? ಅರ್ಜೆಂಟೇನಿಲ್ಲ, ಆದ್ರೆ ಬೇಗ ಸಿಕ್ಕಿದ್ರೆ ಒಳ್ಳೇದಿತ್ತು ಅನ್ಸುತ್ತೆ. ಮತ್ತೆ ಸಾರಿ ಸರ್.”

ಮೊದಲು ಕೋರಿಕೆಯ ಕ್ರಿಯಾಪದ ಎಲ್ಲಿದೆ ಎಂದು ಹುಡುಕುತ್ತೇನೆ. ಇಲ್ಲಿ ಅದು ‘ಕಳಿಸೋಕಾಗುತ್ತಾ’. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ಅದಕ್ಕಿಂತ ಮೊದಲು ಎಷ್ಟು ಸಂಕೋಚದ ಮಾತು ಬೇಕಾದರೂ ಪೇರಿಸಬಹುದು, ವ್ಯಾಕರಣ ಎಲ್ಲೂ ತಡೆಯುವುದಿಲ್ಲ. ಆದರೆ ಫೋನಿನ ನೋಟಿಫಿಕೇಶನ್‌ನಲ್ಲಿ ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ. ಅಲ್ಲಿ ಅವರಿಗೆ ಸಿಗುವುದು ‘ಡಿಸ್ಟರ್ಬ್’, ‘ಸಾರಿ’, ‘ಬ್ಯುಸಿ’. ಬಿಲ್ ಎಂಬ ಮಾತೇ ಇಲ್ಲ. ಆದ್ದರಿಂದ ಕ್ರಿಯಾಪದಕ್ಕಿಂತ ಮುಂಚಿನ ಪ್ರತಿಯೊಂದು ತುಣುಕನ್ನೂ ಬೆರಳಿಂದ ಮುಚ್ಚಿ ಓದುತ್ತೇನೆ. ಮುಚ್ಚಿದಾಗ ಅವರು ಮಾಡಬೇಕಾದ ಕೆಲಸದಲ್ಲಿ ಏನೂ ಬದಲಾಗದಿದ್ದರೆ ಆ ತುಣುಕು ಹೋಗುತ್ತದೆ. ಈ ಸಂದೇಶದ ಮೊದಲ ಮೂರು ವಾಕ್ಯಗಳಲ್ಲಿ ‘ಸರ್ ನಮಸ್ತೆ’ ಒಂದೇ ಉಳಿಯುತ್ತದೆ.

ಆಮೇಲೆ ನೋಡುವುದು ಅರ್ಥವನ್ನೇ ಕೆಡಿಸುವ ಪದಗಳನ್ನು. ‘ಸ್ವಲ್ಪ’ ಇವುಗಳಲ್ಲಿ ಬಹಳ ಮೋಸದ್ದು. ‘ಸ್ವಲ್ಪ ಬನ್ನಿ’ ಅನ್ನುವಾಗ ಅದು ಬರೀ ನಯದ ಮಾತು. ಆದರೆ ‘ಸ್ವಲ್ಪ ಬಿಲ್ ಬೇಕಿತ್ತು’ ಎಂದು ನಾಮಪದದ ಪಕ್ಕ ಕೂತಾಗ ಅದು ಅಳತೆಯಾಗುತ್ತದೆ. ಹತ್ತಿರ ಸಿಕ್ಕ ಒಂದು ಬಿಲ್ ಕಳಿಸಿ ಕೆಲಸ ಮುಗಿಯಿತು ಅಂದುಕೊಂಡರೆ ಅವರದು ತಪ್ಪಲ್ಲ. ‘ಬೇಕಿತ್ತು’ ಕೂಡ ಹಾಗೆಯೇ. ಎದುರು ನಿಂತು ಮಾತಾಡುವಾಗ ಈ ಭೂತಕಾಲ ನಯವಾಗಿ ಕೇಳಿಸುತ್ತದೆ. ಬರಹದಲ್ಲಿ ಎರಡು ದಿನ ಬಿಟ್ಟು ಓದಿದವರಿಗೆ, ಆಗ ಬೇಕಿತ್ತು, ಈಗ ಬೇಕೋ ಬೇಡವೋ ಎಂಬ ಅನುಮಾನ ಬರುತ್ತದೆ. ‘ಬೇಕು’ ಎಂದು ಬರೆದರೆ ಒರಟಾಗುವುದಿಲ್ಲ. ‘ಅರ್ಜೆಂಟೇನಿಲ್ಲ, ಆದ್ರೆ ಬೇಗ’ ಎಂಬಲ್ಲಿ ಎರಡು ಮಾತು ಒಂದನ್ನೊಂದು ಹೊಡೆದುಹಾಕುತ್ತವೆ. ಓದುವವರು ತಮಗೆ ಅನುಕೂಲವಾದ ಮೊದಲನೆಯದನ್ನು ಹಿಡಿದುಕೊಳ್ಳುತ್ತಾರೆ. ‘ಬಿಡುವಾದಾಗ’ ಎಂಬ ದಿನ ಯಾವ ಕ್ಯಾಲೆಂಡರಿನಲ್ಲೂ ಇಲ್ಲ, ಅದರ ಜಾಗಕ್ಕೆ ತಾರೀಕು ಮತ್ತು ಗಂಟೆ ಬರಬೇಕು.

ಆ ತಾರೀಕನ್ನು ಸುಮ್ಮನೆ ಹಾಕುವುದಿಲ್ಲ. ತಿಂಗಳು ತಿಂಗಳು ರಿಟರ್ನ್ ಹಾಕುವವರಿಗೆ, ಮಾರಿದವರು ತೋರಿಸಿದ ಬಿಲ್‌ಗಳ ಪಟ್ಟಿಯಾದ ಜಿಎಸ್‌ಟಿಆರ್-2ಬಿ ಮುಂದಿನ ತಿಂಗಳು 14ಕ್ಕೆ ಸಿಗುತ್ತದೆ, ತೆರಿಗೆ ಕಟ್ಟುವ ರಿಟರ್ನ್ ಆದ ಜಿಎಸ್‌ಟಿಆರ್-3ಬಿ ಸಲ್ಲಿಸಲು ಕೊನೆಯ ದಿನ 20. ಹಾಗಾಗಿ 15ಕ್ಕೆ ತಾಳೆ ನೋಡಿ, ಯಾವ ಬಿಲ್ ಫೈಲಿನಲ್ಲಿಲ್ಲ ಎಂದು ಗುರುತಿಸಿ, 17ರೊಳಗೆ ಕಳಿಸಲು ಕೇಳುತ್ತೇನೆ. ಉಳಿದ ಮೂರು ದಿನ ಮಾಲು ಮಾರಿದ ಪಾರ್ಟಿಯಿಂದಲೇ ಬಿಲ್ ತರಿಸಬೇಕಾಗಿ ಬಂದರೆ ಬೇಕಾಗುತ್ತದೆ. ಬಿಲ್ ನಮ್ಮ ಕೈಯಲ್ಲಿಲ್ಲದೆ, ಖರೀದಿಗೆ ಕೊಟ್ಟ ಜಿಎಸ್‌ಟಿಯನ್ನು ನಮ್ಮ ತೆರಿಗೆಯಲ್ಲಿ ಕಳೆಯುವ ಇನ್‌ಪುಟ್ ಕ್ರೆಡಿಟ್ ತೆಗೆದುಕೊಳ್ಳುವಂತಿಲ್ಲ ಎಂಬುದು ಕಾನೂನಿನಲ್ಲೇ ಇರುವುದರಿಂದ, ಕಾರಣಕ್ಕೆ ಆ ಒಂದು ಸಾಲು ಸಾಕು. ಕಾರಣ ಗಟ್ಟಿಯಾಗಿದ್ದರೆ ಕ್ಷಮೆಗೆ ಕೆಲಸವೇ ಉಳಿಯುವುದಿಲ್ಲ.

ಇಷ್ಟಾದ ಮೇಲೆ ಸಂದೇಶ ಹೀಗಾಗುತ್ತದೆ:

“ಸರ್ ನಮಸ್ತೆ. ಜೂನ್‌ನ ಮೂರು ಪರ್ಚೇಸ್ ಬಿಲ್ ಫೈಲಲ್ಲಿಲ್ಲ: 214, 231, 240. 17ನೇ ತಾರೀಕು ಬುಧವಾರ ಸಂಜೆ 4ರೊಳಗೆ ಸ್ಕ್ಯಾನ್ ಮಾಡಿ ಕಳಿಸಿಕೊಡಿ. 20ಕ್ಕೆ 3ಬಿ ಹಾಕಬೇಕು, ಬಿಲ್ ಇಲ್ಲದೆ ಕ್ರೆಡಿಟ್ ತಗೊಳ್ಳೋ ಹಾಗಿಲ್ಲ. 240ರ ನಂಬರ್ ತಪ್ಪಿರಬಹುದು, ಅದೇ ಪಾರ್ಟಿಯ 204 ಇದ್ರೆ ಅದನ್ನೂ ಕಳಿಸಿ. ಯಾವುದಾದ್ರೂ ನಿಮ್ಮ ಹತ್ರ ಇಲ್ಲ ಅಂದ್ರೆ ಇವತ್ತೇ ತಿಳಿಸಿ, ಪಾರ್ಟಿಯಿಂದ ನಾನೇ ತರಿಸ್ತೀನಿ.”

ಇದರಲ್ಲಿ ಒಂದು ‘ಇರಬಹುದು’ ಉಳಿದಿದೆ, ಅದನ್ನು ಬೇಕೆಂದೇ ಬಿಟ್ಟಿದ್ದೇನೆ. ವಿಷಯದ ಬಗ್ಗೆ ನಿಜವಾಗಿ ಅನುಮಾನವಿದ್ದರೆ ಅದನ್ನು ಹೇಳಲೇಬೇಕು, ಅದು ಹುಡುಕುವವರಿಗೆ ನೆರವಾಗುತ್ತದೆ. ತೆಗೆಯಬೇಕಾದದ್ದು ‘ಕೇಳಬಹುದೋ ಇಲ್ಲವೋ’ ಎಂಬ ಅನುಮಾನವನ್ನು. ‘ಅನ್ಸುತ್ತೆ’, ‘ಏನೋ’, ‘ಬಹುದು’ ಕಂಡಲ್ಲೆಲ್ಲ ಈ ಅನುಮಾನ ಬಿಲ್ಲಿನದೋ ನನ್ನದೋ ಎಂದು ನೋಡಿದರೆ ಉಳಿಸುವುದು ಯಾವುದು, ಅಳಿಸುವುದು ಯಾವುದು ತಾನಾಗಿ ತಿಳಿಯುತ್ತದೆ. ಕ್ಷಮೆಯೂ ಹೀಗೆಯೇ. ಹೋದ ವಾರ ನಾನೇ ತಪ್ಪು ತಿಂಗಳ ಬಿಲ್ ಕೇಳಿ ಅವರಿಂದ ಎರಡು ಸಲ ಹುಡುಕಿಸಿದ್ದರೆ ‘ಸಾರಿ, ಮೇ ಅಂತ ಬರೆದದ್ದು ನನ್ನ ತಪ್ಪು’ ಎಂದು ಒಂದು ಸಲ ಬರೆಯುತ್ತೇನೆ. ಏತಕ್ಕೆ ಎಂದು ಹೆಸರಿಟ್ಟು ಹೇಳಲಾಗದ ಸಾರಿ ಸಂದೇಶದಲ್ಲಿರಬಾರದು.

ಇಷ್ಟೆಲ್ಲ ಕತ್ತರಿಸಿದರೆ ಮರ್ಯಾದೆ ಹೋಗುವುದಿಲ್ಲವೇ ಎಂದು ಹೊಸಬರು ಹೆದರುತ್ತಾರೆ. ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದ ಒಳಗೇ ಇದೆ. ‘ಕಳಿಸು’ ಎಂಬುದು ‘ಕಳಿಸಿ’ ಆದಾಗಲೇ ಗೌರವ ಬಂತು. ‘ಕಳಿಸಿಕೊಡಿ’ ಅಂದಾಗ, ನನಗಾಗಿ ಮಾಡುತ್ತಿದ್ದೀರಿ ಎಂಬ ಒಪ್ಪಿಗೆಯೂ ಸೇರಿತು. ಇನ್ನೂ ಮೆತ್ತಗೆ ಬೇಕಾದರೆ ‘ಬುಧವಾರ 4ರೊಳಗೆ ಕಳಿಸಿಕೊಡ್ತೀರಾ ಸರ್?’ ಎಂದು ಕೇಳಬಹುದು. ‘ಕಳಿಸೋಕಾಗುತ್ತಾ’ ಮಾತ್ರ ಬೇಡ. ಅದು ಕೆಲಸವನ್ನು ಕೇಳುವುದಿಲ್ಲ, ಆಗುತ್ತದೋ ಇಲ್ಲವೋ ಎಂದಷ್ಟೇ ಕೇಳುತ್ತದೆ. ಹುಬ್ಬಳ್ಳಿ, ಕಲಬುರಗಿ ಕಡೆಯವರಿಗೆ ಬರೆಯುವಾಗ ‘ಕಳಿಸಿಕೊಡ್ರಿ’ ಎಂಬಲ್ಲಿನ ‘ರಿ’ ಒಂದೇ ಈ ಭಾರವನ್ನೆಲ್ಲ ಹೊರುತ್ತದೆ.

ಅತಿಯಾಗಿ ಕತ್ತರಿಸುವುದೂ ಉಂಟು. ‘ಬಿಲ್ ಕಳಿಸಿ’ ಎಂದಷ್ಟೇ ಉಳಿದರೆ ಜಗಳವಾಡಿದಂತೆ ಇರುತ್ತದೆ. ಸಾರಿ ತೆಗೆದ ಜಾಗದಲ್ಲಿ ‘ಕೂಡಲೇ’, ‘ಕಡ್ಡಾಯವಾಗಿ’ ತುಂಬಿದರೆ ಸುತ್ತೋಲೆಯಾಗುತ್ತದೆ. ಚಾಟಿನಲ್ಲಿ ‘ದಯವಿಟ್ಟು’ ಕೂಡ ನನಗೆ ಗೋಡೆಯ ಬೋರ್ಡಿನಂತೆ ಕೇಳುತ್ತದೆ. ಪತ್ರದಲ್ಲಿ ಅದು ಸರಿ, ಚಾಟಿನಲ್ಲಿ ‘ಕೊಡಿ’ ಸಾಕು.

ತಿದ್ದಿದ್ದು ಸರಿಯಾಯಿತೋ ಇಲ್ಲವೋ ಎಂಬುದು ಉತ್ತರದಲ್ಲಿ ಗೊತ್ತಾಗುತ್ತದೆ. ‘ನೋಡ್ತೀನಿ’, ‘ಮಾಡೋಣ’ ಎಂದು ಬಂದರೆ ಸಾಮಾನ್ಯವಾಗಿ ನಮ್ಮ ಸಂದೇಶದಲ್ಲಿ ತಾರೀಕೋ ನಂಬರೋ ಮಸುಕಾಗಿತ್ತು ಎಂದರ್ಥ. ‘214 ಇದೆ, ಉಳಿದೆರಡು ನಾಳೆ’ ಎಂಬಂಥ ಉತ್ತರ ಬಂದರೆ ಸರಿಯಾಗಿ ತಲುಪಿದೆ. ಬುಧವಾರ ಬೆಳಿಗ್ಗೆಯೂ ಎರಡು ಬಾಕಿ ಇದ್ದರೆ ನೆನಪಿಸುವಾಗ ಹಳೆಯ ಸಂಕೋಚವೆಲ್ಲ ಮರಳಿ ಬರುತ್ತದೆ, ‘ಮತ್ತೆ ಮತ್ತೆ ಕೇಳ್ತಿದೀನಿ, ಬೇಜಾರು ಮಾಡ್ಕೋಬೇಡಿ’ ಎಂದು ಬೆರಳು ತಾನೇ ಟೈಪ್ ಮಾಡುತ್ತದೆ. ಅಲ್ಲಿ ಇಷ್ಟೇ ಬರೆಯುತ್ತೇನೆ: “ಸರ್, 214 ಬಂತು, ಥ್ಯಾಂಕ್ಸ್. 231, 240 ಬಾಕಿ ಇವೆ. ಇವತ್ತು 4ರೊಳಗೆ ಕಳಿಸಿಕೊಡಿ.”