ರಿಟರ್ನ್ ಅಡ್ರೆಸ್ ಸರಿಯಿತ್ತು, ಹಾಳಾಗಿದ್ದು ಪಕ್ಕದ ಮನೆ

ತೀರ್ಥಹಳ್ಳಿಯಲ್ಲಿ ಕೂತು ಅಸೆಂಬ್ಲಿ ಕೆಲಸ ಮಾಡ್ತೀನಿ ಅಂದರೆ ಬೆಂಗಳೂರಿನ ಗೆಳೆಯರಿಗೆ ಇವತ್ತಿಗೂ ನಗು. ಕಳೆದ ಮಳೆಗಾಲದಲ್ಲಿ ಒಂದು ಅಡಿಕೆ ಮಂಡಿಯ ಕೆಲಸ ಬಂತು. ಫೋಲ್ಡರ್ ಒಳಗೆ ಫೋಲ್ಡರ್ ಇಳಿದು ಲೆಕ್ಕ ಹುಡುಕುವ ಹಳೇ ಟೂಲ್. ಯಾರೋ ವೇಗಕ್ಕೆ ಅಂತ ಅದರ ನಡುವಿನ ಭಾಗವನ್ನು ಅಸೆಂಬ್ಲಿಯಲ್ಲಿ ಬರೆದಿದ್ದರು. ಆಗಾಗ ಸೆಗ್‌ಫಾಲ್ಟ್ ಆಗಿ ಬೀಳುತ್ತಿತ್ತು. ಹದಿನೆಂಟು ಸಾವಿರಕ್ಕೆ ಒಪ್ಪಿಕೊಂಡೆ. ಅದರಲ್ಲಿ ಆರು ಸಾವಿರ ಯುಪಿಎಸ್ ಬ್ಯಾಟರಿಗೇ ಹೋಯಿತು.

ಎಲ್ಲರೂ ಹೇಳಿದ್ದು ಒಂದೇ ಮಾತು: "ರಿಕರ್ಶನ್ ಅಲ್ವಾ, ಸ್ಟ್ಯಾಕ್ ತುಂಬಿರುತ್ತೆ, ಕಿತ್ತು ಲೂಪ್ ಹಾಕು ಮಾರಾಯ." ನಾನೂ ನಂಬಿ `ulimit -s 65536` ಕೊಟ್ಟು ಸ್ಟ್ಯಾಕ್ ಹಿಗ್ಗಿಸಿ ಒಂದು ವಾರ ಕಳೆದೆ. ಸುಮ್ನೆ. ಫಂಕ್ಷನ್‌ನ ಶುರು ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು:

```
walk:
    push rbp
    mov  rbp, rsp
    sub  rsp, 64
    push rbx
    push r12
```

ರಿಟರ್ನ್ ಅಡ್ರೆಸ್ 8, ಹಳೇ `rbp` 8, ಫೋಲ್ಡರ್ ಹೆಸರಿಗೆ 64, ಎರಡು ರಿಜಿಸ್ಟರ್‌ಗೆ 16. ಒಂದು ಮೆಟ್ಟಿಲಿಗೆ, ಅಂದರೆ `walk`ನ ಒಂದು ಕರೆಗೆ, 96 ಬೈಟ್. ಫೋಲ್ಡರ್ ಇಳಿಯೋದು ಹೆಚ್ಚೆಂದರೆ ಹತ್ತು ಹನ್ನೆರಡು ಮೆಟ್ಟಿಲು. 8 ಎಂಬಿ ಸ್ಟ್ಯಾಕ್ ತುಂಬೋದು ಎಲ್ಲಿಂದ ಬಂತು?

ಬೀಳುತ್ತಿದ್ದದ್ದು `ret` ಮೇಲೆ. ಜಿಡಿಬಿಯ `bt` ಅರ್ಥವಿಲ್ಲದ್ದನ್ನು ತೋರಿಸುತ್ತಿತ್ತು. ಆದರೆ `x/8xb $rsp` ಕೊಟ್ಟಾಗ ನಡುನಡುವೆ `0xe0 0xb2` ಕಂಡಿತು. ಯುಟಿಎಫ್-8ರಲ್ಲಿ ಕನ್ನಡ ಅಕ್ಷರ ಶುರುವಾಗೋದೇ ಹಾಗೆ. ಅಂದರೆ ಪ್ರೊಸೆಸರ್ ಒಂದು ಫೋಲ್ಡರ್ ಹೆಸರಿನ ತುಂಡನ್ನು ವಿಳಾಸ ಅಂದುಕೊಂಡು ಅಲ್ಲಿಗೆ ಹಾರಲು ಹೊರಟಿತ್ತು!

ಬಿದ್ದ ಮೇಲೆ ನೋಡಿದರೆ `rbp` ಆಗಲೇ ಕೆಟ್ಟಿರುತ್ತೆ, ಹಿಂದಿನ ದಾರಿ ಸಿಗಲ್ಲ. ಹಾಗಾಗಿ ಹೆಸರು ಕಾಪಿ ಆದ ಕೂಡಲೇ ಬ್ರೇಕ್‌ಪಾಯಿಂಟ್ ಇಟ್ಟು, ಪ್ರತಿ ಮೆಟ್ಟಿಲಲ್ಲೂ `rbp` ಸರಪಳಿಯನ್ನು ಕೈಯಾರೆ ಹತ್ತಿದೆ. ರಿಕರ್ಶನ್‌ನಲ್ಲಿ ರಿಟರ್ನ್ ಅಡ್ರೆಸ್ ನೋಡಿ ಪ್ರಯೋಜನ ಇಲ್ಲ. ಮೊದಲ ಕರೆ ಬಿಟ್ಟರೆ ಎಲ್ಲಾ ಮೆಟ್ಟಿಲಲ್ಲೂ ಅದೇ ನಂಬರ್. ಯಾವ ಮೆಟ್ಟಿಲು ಅಂತ ಹೇಳೋದು ಉಳಿಸಿಟ್ಟ `rbp` ಮಾತ್ರ. ಹತ್ತುವಾಗ ಅದು ಪ್ರತಿ ಸಲ `0x60` ಹೆಚ್ಚಬೇಕು. ಒಂದು ಕಡೆ ಹೀಗೆ ಬಂತು:

```
(gdb) x/2gx $rbp
0x7fffffffe280: 0x00007fffffffe200 0x0000000000401b3c
```

`e2e0` ಇರಬೇಕಾದಲ್ಲಿ `e200`. ಹತ್ತೋ ಬದಲು ಇಳಿದಿದೆ. ಕೊನೆಯ ಬೈಟ್ ಮಾತ್ರ ಸೊನ್ನೆ.

ಆ ಫೋಲ್ಡರ್ ಹೆಸರು `ತೀರ್ಥಹಳ್ಳಿಅಡಿಕೆಲೆಕ್ಕ2019`. ಒತ್ತು, ಗುಣಿತದ ಗುರುತು ಸೇರಿ ಕನ್ನಡದ್ದು 20, ತಲಾ 3 ಬೈಟ್, ಜೊತೆಗೆ ನಾಲ್ಕು ಅಂಕಿ. ಸರಿಯಾಗಿ 64. ಹೆಸರು ಮುಗಿಯಿತು ಅಂತ ಹೇಳುವ ಸೊನ್ನೆ ಬೈಟ್ 65ನೆಯದು, ಅದು ಬಿದ್ದದ್ದು ಉಳಿಸಿಟ್ಟ `rbp` ಮೇಲೆ. ಸಾಗರದ ಫೋಲ್ಡರ್ ಹೆಸರು ಚಿಕ್ಕದು, ಅದಕ್ಕೆ ಏನೂ ಆಗಲಿಲ್ಲ. ಚಿಕ್ಕ ಇಂಗ್ಲಿಷ್ ಹೆಸರಲ್ಲಿ ಪರೀಕ್ಷೆ ಮಾಡಿದವರಿಗೆ ಇದು ಸಿಗೋದೇ ಇಲ್ಲ.

ಮೋಸ ಇರೋದು ಮುಂದೆ. ತಪ್ಪು ಮಾಡಿದ ಮೆಟ್ಟಿಲು ಆರಾಮಾಗಿ ವಾಪಸ್ ಹೋಗುತ್ತೆ, ಅದರ ರಿಟರ್ನ್ ಅಡ್ರೆಸ್ ಸರಿಯಾಗೇ ಇದೆ. ಆದರೆ ಹೋಗುವಾಗ ಮೇಲಿನವನ ಕೈಗೆ ಕೆಟ್ಟ `rbp` ಕೊಟ್ಟು ಹೋಗುತ್ತೆ. ಮೇಲಿನವನು `leave` ಅಂದಾಗ `rsp` ಹೋಗಿ `e200`ದಲ್ಲಿ ಕೂರುತ್ತೆ. ಅದು ಮುಗಿದು ಹೋದ ಒಳ ಫೋಲ್ಡರ್‌ನ ಬಫರ್ ಇದ್ದ ಜಾಗ, ಹಳೇ ಅಕ್ಷರ ಇನ್ನೂ ಅಲ್ಲೇ ಇದೆ. ಆಮೇಲೆ `ret`. ಕಳ್ಳ ಒಬ್ಬ, ಸಿಕ್ಕಿಬಿದ್ದವನು ಇನ್ನೊಬ್ಬ.

ಜಿಡಿಬಿಯ ಹೊರಗೆ ಓಡಿಸಿದರೆ ಇದೇ ಫೋಲ್ಡರ್ ಅಪರೂಪಕ್ಕೆ ಬೀಳದೆ ಮುಗಿಯುತ್ತಿತ್ತು, ಅದಕ್ಕೂ ಕಾರಣ ಸಿಕ್ಕಿತು. ಸ್ಟ್ಯಾಕ್ ವಿಳಾಸ ಪ್ರತಿ ಸಲ ಬದಲಾಗುತ್ತೆ, `rbp` 16ರ ಗುಣಕ. ಹಾಗಾಗಿ ಹದಿನಾರರಲ್ಲಿ ಒಂದು ಸಲ ಅದರ ಕೊನೆಯ ಬೈಟ್ ಮೊದಲೇ `00` ಇರುತ್ತೆ, ಸೊನ್ನೆ ಬಿದ್ದರೂ ಏನೂ ಕೆಡಲ್ಲ. ಜಿಡಿಬಿ ಆ ಬದಲಾವಣೆಯನ್ನು ನಿಲ್ಲಿಸಿಬಿಡುತ್ತೆ, ಅದಕ್ಕೇ ಅಲ್ಲಿ ತಪ್ಪದೆ ಬೀಳುತ್ತಿತ್ತು.

ಲಿನಕ್ಸ್‌ನಲ್ಲಿ ಹೆಸರು 255 ಬೈಟ್ ಮೀರಲ್ಲ. 64 ಇದ್ದ ಕಡೆಯೆಲ್ಲಾ ಜಾಗ 256 ಮಾಡಿ, ಕಾಪಿಯನ್ನು 255ಕ್ಕೆ ನಿಲ್ಲಿಸಿದೆ. ಮೆಟ್ಟಿಲು 288 ಬೈಟ್ ಆಯಿತು, ಆಗಲಿ ಬಿಡಿ. ಪ್ರತಿ ಮೆಟ್ಟಿಲಲ್ಲೂ ಸರಪಳಿಯನ್ನು ತಾನೇ ಹತ್ತಿ ನೋಡುವ ಚಿಕ್ಕ ಸ್ಕ್ರಿಪ್ಟ್ ಬರೆದಿದ್ದೀನಿ. ಅದನ್ನು ಇಲ್ಲಿ ಹಾಕಲ್ಲ, ಅದೇ ನನ್ನ ಅನ್ನ.

ದುಡ್ಡು ಬಂದ ಮೇಲೆ ಒಂದು ಮಳೆ ರಾತ್ರಿ ಹಳೇ ತಪ್ಪನ್ನು ಹಾಗೇ ಇಟ್ಟು, `rbp` ಉಳಿಸೋದನ್ನೇ ತೆಗೆದು, `rsp` ಲೆಕ್ಕದಲ್ಲೇ ಬರೆದು ನೋಡಿದೆ. ಈಗ ಆ ಸೊನ್ನೆ ನೇರ ರಿಟರ್ನ್ ಅಡ್ರೆಸ್ ಮೇಲೇ ಬಿತ್ತು. ಅದು ಕೆಲವೇ ಬೈಟ್ ಹಿಂದಕ್ಕೆ ಸರಿದು, `walk` ಒಳಗೇ ಇನ್ನೊಂದು ಜಾಗಕ್ಕೆ ಮರಳಿತು. ಸೆಗ್‌ಫಾಲ್ಟ್ ಇಲ್ಲ, ಏನಿಲ್ಲ. ಒಂದೇ ಫೋಲ್ಡರ್ ಹೆಸರು ಪರದೆ ಮೇಲೆ ಬರ್ತಾನೇ ಇತ್ತು, ಕರೆಂಟ್ ಹೋಗುವ ತನಕ.