ಗರ್ಡರ್ ಜೋಡಿಸುವ ಮೊದಲು ವೆಲ್ಡಿಂಗ್ ಕಾಗದ ಓದುವುದು ಹೇಗೆ?

ಕೊಪ್ಪಳದ ಗಿಣಿಗೇರಾ ಕಡೆಯ ಒಂದು ಸೈಟಿನಲ್ಲಿ ಕನ್ವೇಯರ್ ಗ್ಯಾಲರಿಯ ಗರ್ಡರ್ ಎರಡು ತುಂಡಾಗಿ ಬಂದಿತ್ತು. ಮೇಲೆತ್ತಿ ಕೂರಿಸಿದ ಮೇಲೆ ಅಲ್ಲೇ ಜೋಡಿಸಬೇಕು. ಮೇಲೆ ಕೆಳಗೆ ಮಲಗಿದ ಫ್ಲ್ಯಾಂಜ್ ಪ್ಲೇಟ್ 20 ಮಿ.ಮೀ., ನಡುವೆ ನೆಟ್ಟಗೆ ನಿಲ್ಲುವ ವೆಬ್ ಪ್ಲೇಟ್ 10 ಮಿ.ಮೀ., ಉಕ್ಕು ಐಎಸ್ 2062ರ ಇ250, ರಾಡ್ ಇ7018. ಫೈಲಿನಲ್ಲಿ ಕಾಗದಗಳೆಲ್ಲ ಇದ್ದವು, ಸೀಲೂ ಬಿದ್ದಿತ್ತು. ಆದರೂ ನಾನು ಕೆಲಸ ನಿಲ್ಲಿಸಿದೆ. ಏಕೆಂದು ಹೇಳುತ್ತಾ ಹೋದರೆ ಆ ಕಾಗದ ಓದುವ ಕ್ರಮವೂ ತಿಳಿಯುತ್ತದೆ.

ಫೈಲಿನಲ್ಲಿ ಮುಖ್ಯವಾದವು ಮೂರು. ಯಾವ ರಾಡ್, ಎಷ್ಟು ಆಂಪಿಯರ್, ಯಾವ ಭಂಗಿಯಲ್ಲಿ ಬೆಸೆಯಬೇಕು ಎಂದು ಹೇಳುವುದು ಡಬ್ಲ್ಯುಪಿಎಸ್. ಹಾಗೆ ಬೆಸೆದ ಪರೀಕ್ಷಾ ಪ್ಲೇಟನ್ನು ಎಳೆದು, ಬಗ್ಗಿಸಿ ನೋಡಿದ ದಾಖಲೆ ಪಿಕ್ಯುಆರ್. ಸೈಟಿನ ಜಾಯಿಂಟ್ ಹೇಗೆ ಬಂತು ಎಂಬುದು ತಪಾಸಣಾ ವರದಿ. ಹೆಚ್ಚಿನವರು ವರದಿಯಿಂದ ಶುರು ಮಾಡುತ್ತಾರೆ. ನೀವು ಪಿಕ್ಯುಆರ್‌ನಿಂದ ಶುರು ಮಾಡಿ.

ಮೊದಲು ಲೆಕ್ಕ ತಾಳೆ ನೋಡಿ

ನಮ್ಮ ಪಿಕ್ಯುಆರ್‌ನಲ್ಲಿ ಎಳೆತದ ತುಂಡಿನ ಅಗಲ 25, ದಪ್ಪ 12 ಮಿ.ಮೀ., ಅಂದರೆ ವಿಸ್ತೀರ್ಣ 300 ಚದರ ಮಿ.ಮೀ. ಅದು ತುಂಡಾದದ್ದು 156 ಕಿಲೋನ್ಯೂಟನ್‌ಗೆ. 1,56,000ವನ್ನು 300ರಿಂದ ಭಾಗಿಸಿದರೆ 520 ಮೆಗಾಪಾಸ್ಕಲ್. ಇ250ಕ್ಕೆ ಬೇಕಾದ ಕನಿಷ್ಠ 410, ಹಾಗಾಗಿ ಪಾಸು. ಮೊಬೈಲಿನ ಕ್ಯಾಲ್ಕುಲೇಟರ್ ಸಾಕು, ಆದರೆ ಮಾಡಿಯೇ ನೋಡಿ. ಹಳೆಯ ವರದಿಯ ಬಲದ ಅಂಕಿಯನ್ನು ಹೊಸ ಅಳತೆಯ ಮುಂದೆ ಅಂಟಿಸಿದ್ದು ಇಲ್ಲೇ ಸಿಕ್ಕಿಬೀಳುತ್ತದೆ. ಪಕ್ಕಕ್ಕೆ ಬಗ್ಗಿಸಿದ ನಾಲ್ಕು ತುಂಡುಗಳಲ್ಲೂ 3 ಮಿ.ಮೀ. ದಾಟಿದ ಬಿರುಕು ಇರಲಿಲ್ಲ.

ಆಮೇಲೆ ವ್ಯಾಪ್ತಿ

ಈ ಕೆಲಸಕ್ಕೆ ಒಪ್ಪಿಕೊಂಡಿದ್ದ ಅಮೆರಿಕದ ವೆಲ್ಡಿಂಗ್ ಕೋಡ್ ಎಡಬ್ಲ್ಯುಎಸ್ ಡಿ1.1ರ ಪ್ರಕಾರ, 12 ಮಿ.ಮೀ. ಪ್ಲೇಟಿನ ಪರೀಕ್ಷೆ 3ರಿಂದ 24 ಮಿ.ಮೀ. ದಪ್ಪದವರೆಗೆ ಸಲ್ಲುತ್ತದೆ. ನಮ್ಮ 10, 20 ಎರಡೂ ಅದರೊಳಗೇ ಇವೆ. ಎಡವಟ್ಟು ಇದ್ದದ್ದು ಭಂಗಿಯ ಕಾಲಂನಲ್ಲಿ. ಅಲ್ಲಿ 1ಜಿ ಎಂದಿತ್ತು, ಅಂದರೆ ಪ್ಲೇಟನ್ನು ಮೇಜಿನ ಮೇಲೆ ಮಲಗಿಸಿ ಬೆಸೆದದ್ದು. ಅದು ಮಲಗಿದ ಜಾಯಿಂಟಿಗಷ್ಟೇ ಆಗುತ್ತದೆ. ಮೇಲಿಂದ ಬೆಸೆಯುವ ಫ್ಲ್ಯಾಂಜಿಗೆ ಸರಿ. ಆದರೆ ಗರ್ಡರ್ ಕೂತ ಮೇಲೆ ವೆಬ್‌ನ ಜಾಯಿಂಟ್ ನೆಟ್ಟಗೆ ನಿಲ್ಲುತ್ತದೆ. ಅದು 3ಜಿ. (ಮೊಬೈಲಿನ 3ಜಿ ಹಳೆಯದಾಯಿತು, ನಮ್ಮದು ಆಗುವುದಿಲ್ಲ.)

ವೆಲ್ಡರ್ ತನ್ನ ಕಾರ್ಡ್ ತೆಗೆದು ತೋರಿಸಿದ. “ಸರ, ನಂದು 3ಜಿ ಪಾಸ್ ಆಗೈತ್ರಿ, ಮತ್ಯಾಕ ನಿಲ್ಲಿಸೀರಿ?” ಅವನ ಮಾತು ನಿಜ. ಆ ಕಾರ್ಡ್ ಅವನ ಕೈಗೆ ಸಾಕ್ಷಿ, ವಿಧಾನಕ್ಕಲ್ಲ. ವೆಲ್ಡರ್ 3ಜಿ ಪಾಸಾದರೆ ಮಲಗಿದ, ಅಡ್ಡ, ನೆಟ್ಟಗಿನ ಜಾಯಿಂಟ್ ಮೂರನ್ನೂ ಮಾಡಬಹುದು. ವಿಧಾನದ ಪರೀಕ್ಷೆಗೆ ಆ ಸಡಿಲಿಕೆ ಇಲ್ಲ, 3ಜಿ ಪ್ಲೇಟ್ ನೆಟ್ಟಗಿನದಕ್ಕೆ ಮಾತ್ರ. ನಾನು ಕಂಡ ಗೊಂದಲಗಳಲ್ಲಿ ಅರ್ಧ ಇಲ್ಲಿನದೇ. ಕೊನೆಗೆ ಅದೇ ರಾಡಿನಲ್ಲಿ ಪ್ಲೇಟನ್ನು ನೆಟ್ಟಗೆ ನಿಲ್ಲಿಸಿ, ಕೆಳಗಿನಿಂದ ಮೇಲಕ್ಕೆ ಬೆಸೆದು, ಮತ್ತೆ ಎರಡು ಎಳೆತದ ತುಂಡು, ನಾಲ್ಕು ಬಾಗಿಸುವ ತುಂಡು ಪರೀಕ್ಷೆಗೆ ಕಳಿಸಿದೆವು. ಕ್ರೇನಿನವರು ಕಾದರು, ಬೈದುಕೊಂಡರು ಕೂಡ.

ಕೊನೆಗೆ ತಪಾಸಣಾ ವರದಿ

ಪ್ರತಿ ಜಾಯಿಂಟಿಗೂ ಅದರ ನಂಬರ್, ವೆಲ್ಡರ್‌ನ ಗುರುತು, ಡಬ್ಲ್ಯುಪಿಎಸ್ ನಂಬರ್, ರಾಡಿನ ಬ್ಯಾಚ್ ಬೇಕು. ರಾಡ್ ಓವನ್ನಿನಿಂದ ಹೊರಬಂದ ಹೊತ್ತನ್ನೂ ಬರೆಸಿ. ಬಿಸಿಲೂರಲ್ಲಿ ರಾಡಿಗೆ ತೇವ ಎಲ್ಲಿಂದ ಬರಬೇಕು ಎಂಬ ಮಾತು ದಿನಾ ಕೇಳುತ್ತೇನೆ. ಬಳ್ಳಾರಿಯ ಮೇ ತಿಂಗಳಾದರೂ ಸಾಮಾನ್ಯ ಇ7018ಕ್ಕೆ ಹೊರಗಿರಲು ನಾಲ್ಕೇ ಗಂಟೆ.

ಸ್ಲ್ಯಾಗ್ ಬಡಿದು, ಬ್ರಷ್ ಹಾಕಿ, ಟಾರ್ಚನ್ನು ವೆಲ್ಡಿನ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಅಂಡರ್‌ಕಟ್ ಎಂದರೆ ವೆಲ್ಡಿನ ಅಂಚಿನಲ್ಲಿ ಪ್ಲೇಟ್ ಕರಗಿ ಉಳಿದ ತಗ್ಗು; ನೇರ ಬೆಳಕಿನಲ್ಲಿ ಕಾಣದ ಅದು ಆಗ ಕರೀ ಗೆರೆಯಾಗಿ ಎದ್ದು ಕಾಣುತ್ತದೆ. ನಮ್ಮ ವೆಬ್ ಜಾಯಿಂಟಿನಲ್ಲಿ ಒಂದು ಕಡೆ 40 ಮಿ.ಮೀ. ಉದ್ದಕ್ಕೆ ಅಂಥ ಗೆರೆ ಸಿಕ್ಕಿತು. ಗೇಜಿನ ಮೊನೆ ಇಳಿಸಿದರೆ 0.6 ಮಿ.ಮೀ. ಆಳ. ಸ್ಥಿರ ಹೊರೆಯ ಭಾಗದಲ್ಲಿ 25 ಮಿ.ಮೀ.ಗಿಂತ ತೆಳುವಾದ ಪ್ಲೇಟಿಗೆ 1 ಮಿ.ಮೀ.ವರೆಗೆ ನಡೆಯುತ್ತದೆ, ಆದ್ದರಿಂದ ಒಪ್ಪಿದೆವು. ಹೊರೆ ಮತ್ತೆ ಮತ್ತೆ ಏರಿಳಿಯುವ ಭಾಗಕ್ಕೆ ಮಿತಿ ಇನ್ನೂ ಬಿಗಿ. ಯಾವುದು ಯಾವ ಭಾಗ ಎಂದು ಡಿಸೈನ್ ಎಂಜಿನಿಯರ್ ಹೇಳಬೇಕು. ಸೈಟಿನ ಜಾಯಿಂಟಿನಲ್ಲಿ ಬಿರುಕಿಗೆ ಮಾತ್ರ ಯಾವ ವಿನಾಯಿತಿಯೂ ಇಲ್ಲ, ಕೂದಲೆಳೆಯಷ್ಟಿದ್ದರೂ ರಿಜೆಕ್ಟ್.

ಒಪ್ಪಿದ ಅಂಡರ್‌ಕಟ್ಟನ್ನೂ ಅಳತೆ ಸಮೇತ ವರದಿಯಲ್ಲಿ ಬರೆದೆ. “ಪಾಸಾದ್ದನ್ನ ಯಾಕ ಬರೀತೀರಿ ಸರ?” ಎಂದು ಸೂಪರ್‌ವೈಸರ್ ಗೊಣಗಿದರು. ಅವರು ಮೊದಲು ತಂದಿದ್ದ ವರದಿಯಲ್ಲಿ ಮೂಲೆಯಲ್ಲಿ ಬೆಸೆಯುವ ನಲವತ್ತು ಫಿಲೆಟ್ ವೆಲ್ಡ್‌ಗಳಿಗೂ 6.0 ಮಿ.ಮೀ. ಎಂದೇ ಇತ್ತು. ಕೈಯಲ್ಲಿ ಬೆಸೆದ ವೆಲ್ಡ್ ಹಾಗೆ ಬರುವುದಿಲ್ಲ. ಗೇಜ್ ತೆಗೆದುಕೊಂಡು ಹೋಗಿ ಮೊದಲ ಐದನ್ನು ಅಳೆದೆ: 6.5, 7, 6, 5.5, 7.