ದೂರುದಾರ ಯಾರು ಅಂತ ಮೊದಲು ನೋಡಿದೆ

ನಾನು ಡೇಟಾ ಅನಲಿಸ್ಟ್. ಹಿಂದೆ ಇದ್ದ ಕಂಪನಿಯಲ್ಲಿ ಪೊಲೀಸರಿಗೆ ತೋರಿಸಲು ಒಂದು ಡೆಮೊ ಮಾಡಬೇಕಿತ್ತು. ಹಳೆಯ ಎಫ್‌ಐಆರ್‌ಗಳನ್ನು ಇಟ್ಟುಕೊಂಡು, ನಾಳೆ ಅಪರಾಧ ಎಲ್ಲಿ ಆಗಬಹುದು ಅಂತ ನಕ್ಷೆಯ ಚೌಕಗಳಿಗೆ ಕೆಂಪು ಬಳಿಯುವ ಕೆಲಸ. ಮಾಡೆಲ್ ಕಟ್ಟಿದ್ದು ನಾನೇ. ಮೊದಲ ಸಲ ಓಡಿಸಿದಾಗ ಕೆಂಪೆಲ್ಲ ಒಂದೇ ಕೊಳೆಗೇರಿಯ ಸುತ್ತ ಬಂದು ಕೂತಿತು. ಟೀಮಿನವರಿಗೆ ಖುಷಿಯೋ ಖುಷಿ. ನನಗೆ ಮಾತ್ರ ಕಸಿವಿಸಿ.

ದಾಖಲೆಯಲ್ಲಿ ದೂರುದಾರರ ಕಾಲಮ್ ಇತ್ತು. ಅದನ್ನು ನೋಡಿ ಕೇಸುಗಳನ್ನು ಎರಡು ಪಾಲು ಮಾಡಿದೆ. ಮನೆಗಳ್ಳತನ, ಬೈಕ್ ಕಳವು ಇಂಥವನ್ನು ಕಳೆದುಕೊಂಡವರೇ ಠಾಣೆಗೆ ಬಂದು ಬರೆದುಕೊಟ್ಟಿದ್ದರು. ಇಸ್ಪೀಟು, ಮಟ್ಕಾ, ಗಾಂಜಾ ಕೇಸುಗಳಲ್ಲಿ ದೂರುದಾರರು ಸರ್ಕಾರದ ಪರವಾಗಿ ಪಿಎಸ್‌ಐ. ಇಸ್ಪೀಟು ಆಡುತ್ತಿದ್ದಾರೆ ಅಂತ ಠಾಣೆ ಮೆಟ್ಟಿಲು ಹತ್ತುವವರು ಕಡಿಮೆ, ಅಲ್ವಾ? ಪೊಲೀಸರು ಹೋದಲ್ಲಿ ಮಾತ್ರ ಅದು ಸಿಗುತ್ತದೆ. ಬೀದಿ ಬದಿಯ ಕಟ್ಟೆ ಮೇಲೆ ಆಡಿದರೆ ಕೇಸು. ಗೇಟಿನ ಒಳಗೆ, ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ದುಡ್ಡಿಟ್ಟು ಆಡಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕೊಳೆಗೇರಿಯ ಕೆಂಪಿನಲ್ಲಿ ಬಹುಪಾಲು ಈ ಎರಡನೇ ಗುಂಪಿನದೇ ಆಗಿತ್ತು.

ಇದನ್ನು ಬಾಯಲ್ಲಿ ಹೇಳಿದರೆ ಟೀಮಿನವರು ನಂಬಲಿಲ್ಲ. "ಡೇಟಾ ಸುಳ್ಳು ಹೇಳುತ್ತಾ ಮೇಡಂ?" ಅಂದರು. ಅದಕ್ಕೆ ಒಂದು ಚಿಕ್ಕ ಲೆಕ್ಕ ಮಾಡಿ ತೋರಿಸಿದೆ. ಎರಡು ಬಡಾವಣೆ, ಎರಡರಲ್ಲೂ ಅಪರಾಧ ಸಮ. ಪೊಲೀಸರು ಗಸ್ತಿಗೆ ಹೋದ ದಿನ ಒಂದು ಕೇಸು ಸಿಗುವ ಸಾಧ್ಯತೆ ಅರ್ಧ. ಹಳೆಯ ದಾಖಲೆಯಲ್ಲಿ ಮಾತ್ರ ಒಂದಕ್ಕೆ 10 ಕೇಸು, ಇನ್ನೊಂದಕ್ಕೆ 20. ಇರುವುದು ಒಂದೇ ಗಸ್ತು ತಂಡ. ಯಾವ ಕಡೆ ಕೇಸು ಜಾಸ್ತಿಯೋ ಆ ಕಡೆಗೆ ದಿನಾ ಕಳಿಸಬೇಕು.

```python
import random
a, b = 10, 20
for day in range(365):
    if a > b:
        a += random.random() < 0.5
    else:
        b += random.random() < 0.5
print(a, b)
```

ಎಷ್ಟು ಸಲ ಓಡಿಸಿದರೂ ಮೊದಲನೆಯದು 10, ಎರಡನೆಯದು 200ರ ಆಸುಪಾಸು. ವರ್ಷದ ಕೊನೆಗೆ ನಕ್ಷೆ ನೋಡಿದವರಿಗೆ ಅದು ಇಪ್ಪತ್ತು ಪಟ್ಟು ಕೆಟ್ಟ ಬಡಾವಣೆ. ಆಮೇಲೆ `a` ಸಾಲಿನ 0.5 ಅನ್ನು 0.9 ಮಾಡಿದೆ. ಅಂದರೆ ಅಪರಾಧ ನಿಜವಾಗಿ ಜಾಸ್ತಿ ಇರುವುದು ಮೊದಲನೆಯ ಕಡೆಯೇ. ಆಗಲೂ 10 ಕದಲಲಿಲ್ಲ. ಅಲ್ಲಿಗೆ ಯಾರೂ ಹೋಗಲೇ ಇಲ್ಲವಲ್ಲ!

ಇದು ಬರೀ ಆಟದ ಲೆಕ್ಕ ಅನ್ನುವವರಿಗೆ ಅಮೆರಿಕದ ಓಕ್‌ಲ್ಯಾಂಡ್ ನಗರದ ಅಧ್ಯಯನ ತೋರಿಸಿದೆ. ಕ್ರಿಸ್ಟಿಯನ್ ಲಮ್ ಮತ್ತು ವಿಲಿಯಂ ಐಸಾಕ್ 2016ರಲ್ಲಿ ಪ್ರಕಟಿಸಿದ್ದು. ಅಪರಾಧ ಎಲ್ಲಿ ಆಗಬಹುದು ಅಂತ ಪೊಲೀಸರಿಗೆ ಊಹಿಸಿ ಹೇಳುವ ಪ್ರೆಡ್‌ಪಾಲ್ ಸಾಫ್ಟ್‌ವೇರಿನ ಸೂತ್ರ ಮೊದಲೇ ಪ್ರಕಟವಾಗಿತ್ತು. ಅದಕ್ಕೆ ಓಕ್‌ಲ್ಯಾಂಡ್‌ನ 2010ರ ಮಾದಕವಸ್ತು ಕೇಸುಗಳನ್ನು ಕೊಟ್ಟು, ಈ ಸಾಫ್ಟ್‌ವೇರ್ ಬಳಸಿದ್ದರೆ ಪೊಲೀಸರನ್ನು ಎಲ್ಲಿಗೆ ಕಳಿಸುತ್ತಿತ್ತು ಅಂತ ಅವರು ನೋಡಿದರು. ಆರೋಗ್ಯ ಸಮೀಕ್ಷೆಯ ಅಂದಾಜಿನಲ್ಲಿ ಮಾದಕವಸ್ತು ಬಳಕೆ ಊರಿನ ತುಂಬ ಹರಡಿತ್ತು. ಸೂತ್ರ ಮಾತ್ರ ಬಿಳಿಯರಲ್ಲದವರು, ಬಡವರು ಹೆಚ್ಚಾಗಿ ಇರುವ ವೆಸ್ಟ್ ಓಕ್‌ಲ್ಯಾಂಡ್, ಇಂಟರ್‌ನ್ಯಾಷನಲ್ ಬುಲೆವಾರ್ಡ್ ಕಡೆಗೇ ಬೆರಳು ತೋರಿಸಿತು. ಬಳಕೆ ಹೆಚ್ಚುಕಮ್ಮಿ ಸಮ ಇದ್ದರೂ ಕಪ್ಪು ಜನರು ಬಿಳಿಯರಿಗಿಂತ ಸುಮಾರು ಎರಡು ಪಟ್ಟು ಗುರಿಯಾಗುತ್ತಿದ್ದರು. ಸೂತ್ರಕ್ಕೆ ಜನಾಂಗದ ಮಾಹಿತಿ ಕೊಟ್ಟೇ ಇರಲಿಲ್ಲ. ವಿಳಾಸವೇ ಆ ಕೆಲಸ ಮಾಡಿತು.

ಸರಿಪಡಿಸಲು ಒಂದು ದಾರಿ ಇದೆ. ಗಸ್ತನ್ನು ಒಂದೇ ಕಡೆ ಕಳಿಸುವ ಬದಲು ಚೀಟಿ ಎತ್ತಿದ ಹಾಗೆ ಕಳಿಸಬೇಕು, ಕೇಸು ಜಾಸ್ತಿ ಇರುವ ಕಡೆಗೆ ಚೀಟಿ ಜಾಸ್ತಿ. ಕಡಿಮೆ ಸಲ ಹೋಗುವ ಕಡೆ ಸಿಕ್ಕ ಕೇಸಿಗೆ ತೂಕ ಜಾಸ್ತಿ ಕೊಡಬೇಕು. ಮೂರಕ್ಕೆ ಎರಡು ಚೀಟಿ ಇರುವ ಕಡೆ ಸಿಕ್ಕ ಕೇಸನ್ನು ಒಂದೂವರೆ ಅಂತ, ಮೂರಕ್ಕೆ ಒಂದೇ ಇರುವ ಕಡೆ ಸಿಕ್ಕಿದ್ದನ್ನು ಮೂರು ಅಂತ ಎಣಿಸಬೇಕು. ದಿನಾ ಎಣಿಕೆ ಬದಲಾದ ಹಾಗೆ ಚೀಟಿಯೂ ಬದಲಾಗುತ್ತದೆ. 10 ಮತ್ತು 20ರಿಂದಲೇ ಶುರು ಮಾಡಿದರೂ ವರ್ಷದ ಕೊನೆಗೆ ಎರಡೂ ಹತ್ತಿರ ಹತ್ತಿರ ಬಂದವು.

ಆದರೆ ಇದಕ್ಕೆ ಗಸ್ತು ಯಾವ ದಿನ ಎಲ್ಲಿಗೆ ಹೋಗಿತ್ತು ಅನ್ನುವ ದಾಖಲೆ ಬೇಕು. ನಮಗೆ ಕೊಟ್ಟ ಫೈಲಿನಲ್ಲಿ ಅದು ಇರಲಿಲ್ಲ. ಎರಡು ಸಲ ಕೇಳಿದೆ, ಬರಲಿಲ್ಲ. ಕೊನೆಗೆ ಪಿಎಸ್‌ಐ ದೂರುದಾರರಾಗಿದ್ದ ಕೇಸುಗಳನ್ನೆಲ್ಲ ತೆಗೆದು ಮಾಡೆಲ್ಲನ್ನು ಮತ್ತೆ ಕಲಿಸಿದೆ. ಕೊಳೆಗೇರಿಯ ಕೆಂಪು ಬಹಳಷ್ಟು ಇಳಿಯಿತು. ಇದೂ ಪೂರ್ತಿ ಸರಿಯಲ್ಲ ಅಂತ ನನಗೆ ಗೊತ್ತು. ಫೋನ್ ಕಳೆದುಕೊಂಡ ಕೂಲಿಯವರು ಒಂದು ದಿನದ ಸಂಬಳ ಬಿಟ್ಟು ಠಾಣೆಗೆ ಹೋಗದೆ ಸುಮ್ನಾಗಿಬಿಡುತ್ತಾರೆ. ಅವರ ನಷ್ಟ ಯಾವ ನಕ್ಷೆಯಲ್ಲೂ ಇಲ್ಲ.

ಡೆಮೊ ದಿನ ಎರಡೂ ನಕ್ಷೆಗಳನ್ನು ಪಕ್ಕಪಕ್ಕ ಹಾಕಿದೆ. ಕೆಳಗೆ ಯಾವುದರಲ್ಲಿ ಯಾವ ಕೇಸು ಸೇರಿದೆ ಅಂತ ಬರೆದೆ. ಮೊದಲ ನಕ್ಷೆಯನ್ನಷ್ಟೇ ಇಟ್ಟುಕೊಳ್ಳೋಣ, ಅದು ಎದ್ದು ಕಾಣುತ್ತದೆ ಅಂತ ಮ್ಯಾನೇಜರ್ ಅಂದರು. ಹಾಗಾದರೆ ನನ್ನ ಹೆಸರು ತೆಗೆಯಿರಿ ಅಂದೆ. ತೆಗೆದರು.